ಅಂತರ್ಜಾಲದ ಮೂಲಕ ಮಾರಾಟ ಮಾಡುವ ಸಣ್ಣ ಘಟಕಗಳಿಗೆ ಮಾಹಿತಿ: ವಿತರಣಾ ಶುಲ್ಕ ಮತ್ತು ಉಚಿತ ವಿತರಣೆಯ ಕನಿಷ್ಠ ಮೊತ್ತವನ್ನು ನಿಗದಿಪಡಿಸುವ ಕ್ರಮ

1. ಪ್ರಸ್ತಾವನೆ

ಬಂಟ್ವಾಳ ತಾಲ್ಲೂಕಿನ ಕಲ್ಲಡ್ಕ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಮನೆಯಲ್ಲಿ ತಯಾರಿಸಿದ ಹಲಸಿನ ಹಪ್ಪಳ, ಉಪ್ಪಿನಕಾಯಿ, ಬಾಳೆಕಾಯಿ ಚಿಪ್ಸ್, ಗೇರುಬೀಜ ಮುಂತಾದ ಪದಾರ್ಥಗಳನ್ನು ದೂರವಾಣಿ, ವಾಟ್ಸ್‌ಆ್ಯಪ್ ಅಥವಾ ಸ್ವಂತ ಜಾಲತಾಣದ ಮೂಲಕ ಬೇಡಿಕೆ ಪಡೆದು ಪಾರ್ಸೆಲ್ ಮೂಲಕ ಕಳುಹಿಸುವವರಿದ್ದಾರೆ. ಇಂತಹ ಮಾರಾಟಗಾರರಿಗೆ ಎದುರಾಗುವ ಮೊದಲ ಪ್ರಶ್ನೆಗಳು ಎರಡು. ಗ್ರಾಹಕರಿಂದ ವಿತರಣಾ ಶುಲ್ಕವೆಂದು ಎಷ್ಟು ಪಡೆಯಬೇಕು, ಮತ್ತು ಎಷ್ಟು ಮೊತ್ತದ ಖರೀದಿಗೆ ವಿತರಣೆಯನ್ನು ಉಚಿತಗೊಳಿಸಬೇಕು.

ದೊಡ್ಡ ಮಾರಾಟ ತಾಣಗಳಲ್ಲಿ ಕಂಡ ಮೊತ್ತವನ್ನೇ ತಮ್ಮ ಪುಟದಲ್ಲಿಯೂ ಹಾಕಿಕೊಳ್ಳುವ ರೂಢಿ ಸಾಮಾನ್ಯವಾಗಿದೆ. ಹಾಗೆ ಮಾಡಿದಾಗ ಬೇಡಿಕೆ ಹೆಚ್ಚಿದರೂ ತಿಂಗಳ ಕೊನೆಯಲ್ಲಿ ಕೈಯಲ್ಲಿ ಉಳಿಯುವ ಹಣ ಕಡಿಮೆಯಾಗುವ ಸಂಭವವಿದೆ. ಇದರ ಕಾರಣವನ್ನೂ, ಸದರಿ ಮೊತ್ತವನ್ನು ಘಟಕದ ಸ್ವಂತ ಲೆಕ್ಕದಿಂದಲೇ ಕಂಡುಕೊಳ್ಳುವ ಕ್ರಮವನ್ನೂ ಈ ಪುಟದಲ್ಲಿ ವಿವರಿಸಲಾಗಿದೆ.

ವಿವರಣೆಗಾಗಿ ಹಲಸಿನ ಹಪ್ಪಳ ಮಾರುವ ಘಟಕವೊಂದರ ಮಾದರಿ ಲೆಕ್ಕವನ್ನು ತೆಗೆದುಕೊಳ್ಳಲಾಗಿದೆ. ಇಲ್ಲಿನ ಬೆಲೆ, ರವಾನೆ ದರ ಮತ್ತು ಬೇಡಿಕೆಯ ಸಂಖ್ಯೆಗಳು ಉದಾಹರಣೆಗಾಗಿ ಮಾತ್ರ. ಮಾರಾಟಗಾರರು ಅವುಗಳ ಸ್ಥಾನದಲ್ಲಿ ತಮ್ಮ ಸಂಖ್ಯೆಗಳನ್ನು ಇಟ್ಟು ಲೆಕ್ಕ ಮಾಡತಕ್ಕದ್ದು.

2. ಮೊದಲು ತಿಳಿಯಬೇಕಾದುದು: ಒಂದು ಕಟ್ಟಿನ ಉಳಿಕೆ

ಇಲ್ಲಿ ‘ಉಳಿಕೆ’ ಎಂದರೆ ಮಾರಾಟದ ಬೆಲೆಯಿಂದ ಆ ಪದಾರ್ಥಕ್ಕಾಗಿಯೇ ತಗಲುವ ಎಲ್ಲ ವೆಚ್ಚವನ್ನು ಕಳೆದ ಮೇಲೆ, ರವಾನೆಗೆ ಮೊದಲು ಕೈಯಲ್ಲಿ ಉಳಿಯುವ ಹಣ. ಹಲಸಿನ ಸೊಳೆ, ಉಪ್ಪು ಮತ್ತು ಮಸಾಲೆ, ಸೊಳೆ ಬಿಡಿಸಿ ಬೇಯಿಸಿ ಅರೆದು ತಟ್ಟುವ ಕೂಲಿ, ಉರುವಲು, ಪ್ಲಾಸ್ಟಿಕ್ ಚೀಲ, ಚೀಟಿ ಮತ್ತು ಆನ್‌ಲೈನ್ ಪಾವತಿಗೆ ಕಡಿತವಾಗುವ ಶುಲ್ಕ ಇವೆಲ್ಲವೂ ವೆಚ್ಚದಲ್ಲಿ ಸೇರತಕ್ಕದ್ದು. ಮನೆಯವರೇ ದುಡಿದರೂ ಕೂಲಿಯನ್ನು ಲೆಕ್ಕಕ್ಕೆ ಹಿಡಿಯಬೇಕು. ಹಿಡಿಯದಿದ್ದಲ್ಲಿ ಉಳಿಕೆ ಹೆಚ್ಚಾಗಿ ಕಾಣುತ್ತದೆ ಮತ್ತು ಆ ಕೂಲಿಯೇ ಮುಂದೆ ರವಾನೆ ವೆಚ್ಚಕ್ಕೆ ಹೋಗುತ್ತದೆ.

ಮಾದರಿ ಘಟಕದಲ್ಲಿ 25 ಹಪ್ಪಳಗಳ ಒಂದು ಕಟ್ಟಿನ ಬೆಲೆ ₹120. ಮೇಲ್ಕಂಡ ಎಲ್ಲ ವೆಚ್ಚ ಸೇರಿ ₹72. ಆದುದರಿಂದ ಒಂದು ಕಟ್ಟಿನ ಉಳಿಕೆ ₹48, ಅಂದರೆ ಬೆಲೆಯ ಶೇ. 40. ಒಂದು ಕಟ್ಟಿನ ತೂಕ ಸುಮಾರು 180 ಗ್ರಾಂ.

3. ರವಾನೆ ವೆಚ್ಚವು ಹಂತ ಹಂತವಾಗಿ ಏರುತ್ತದೆ

ಕೊರಿಯರ್ ಸಂಸ್ಥೆಗಳು ಸಾಮಾನ್ಯವಾಗಿ 500 ಗ್ರಾಂಗಳ ಹಂತಗಳಲ್ಲಿ ದರ ವಿಧಿಸುತ್ತವೆ. ಪಾರ್ಸೆಲ್ 1 ಕಿಲೋ ಮೀರಿ 10 ಗ್ರಾಂ ಇದ್ದರೂ ಒಂದೂವರೆ ಕಿಲೋದ ದರ ಅನ್ವಯಿಸುತ್ತದೆ. ಇದರ ಜೊತೆಗೆ ಪೆಟ್ಟಿಗೆಯ ಗಾತ್ರವನ್ನೂ ಅಳೆಯಲಾಗುತ್ತದೆ. ಪೆಟ್ಟಿಗೆಯ ಉದ್ದ, ಅಗಲ ಮತ್ತು ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಕಿಲೋಗ್ರಾಂ ಲೆಕ್ಕದ ‘ಗಾತ್ರ ತೂಕ’. ನಿಜವಾದ ತೂಕ ಮತ್ತು ಗಾತ್ರ ತೂಕ ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ ವಿಧಿಸಲಾಗುತ್ತದೆ. ಕೆಲವು ಸಂಸ್ಥೆಗಳು 5000ಕ್ಕಿಂತ ಕಡಿಮೆ ಸಂಖ್ಯೆಯಿಂದ ಭಾಗಿಸುವುದುಂಟು. ಆಗ ಗಾತ್ರ ತೂಕ ಹೆಚ್ಚುತ್ತದೆ. ಒಪ್ಪಂದಕ್ಕೆ ಮೊದಲು ಇದನ್ನು ಕೇಳಿ ತಿಳಿಯತಕ್ಕದ್ದು.

ಹಪ್ಪಳವು ಹಗುರ, ಆದರೆ ಜಾಗ ಹೆಚ್ಚು ಹಿಡಿಯುತ್ತದೆ. ಆದಕಾರಣ ಹಪ್ಪಳದ ಪಾರ್ಸೆಲಿಗೆ ಗಾತ್ರ ತೂಕವೇ ದರವನ್ನು ನಿರ್ಧರಿಸುತ್ತದೆ. ಮಾದರಿ ಘಟಕವು ಮೊದಲು ನಾಲ್ಕು ಕಟ್ಟುಗಳಿಗೆ 32 × 17 × 10 ಸೆಂ.ಮೀ. ಅಳತೆಯ ಪೆಟ್ಟಿಗೆ ಬಳಸುತ್ತಿತ್ತು. ಒಳಗಿನ ಸರಕು ಮತ್ತು ಪೆಟ್ಟಿಗೆ ಸೇರಿ ನಿಜವಾದ ತೂಕ 830 ಗ್ರಾಂ ಮಾತ್ರ. ಗಾತ್ರ ತೂಕವಾದರೋ 1.09 ಕಿಲೋ. ಹೀಗಾಗಿ ಪ್ರತಿ ಪಾರ್ಸೆಲಿಗೂ ಒಂದೂವರೆ ಕಿಲೋದ ದರ ತೆರಬೇಕಾಯಿತು. ಪೆಟ್ಟಿಗೆಯನ್ನು 30 × 16 × 10 ಸೆಂ.ಮೀ.ಗೆ ಬದಲಿಸಿದಾಗ ಗಾತ್ರ ತೂಕ 0.96 ಕಿಲೋಗೆ ಇಳಿದು, ಅದೇ ನಾಲ್ಕು ಕಟ್ಟುಗಳು ಒಂದು ಕಿಲೋದ ದರದಲ್ಲಿ ಹೋದವು. ಅಳತೆಯನ್ನು ಹೊರಗಿನಿಂದ ತೆಗೆಯಲಾಗುವುದರಿಂದ, ಅತಿಯಾಗಿ ತುಂಬಿ ಉಬ್ಬಿದ ಪೆಟ್ಟಿಗೆಯು ಮುಂದಿನ ಹಂತಕ್ಕೆ ಸೇರಿಬಿಡುತ್ತದೆ ಎಂಬುದನ್ನು ಗಮನಿಸತಕ್ಕದ್ದು.

30 × 16 ಸೆಂ.ಮೀ. ತಳದ ಪೆಟ್ಟಿಗೆಯಲ್ಲಿ ಕಟ್ಟುಗಳನ್ನು ಎರಡು ಸಾಲಾಗಿ ಇಡಬಹುದಾಗಿದೆ. ಎತ್ತರ 5 ಸೆಂ.ಮೀ. ಇದ್ದರೆ ಎರಡು ಕಟ್ಟು (500 ಗ್ರಾಂ ಹಂತ), 10 ಸೆಂ.ಮೀ. ಇದ್ದರೆ ನಾಲ್ಕು ಕಟ್ಟು (1 ಕಿಲೋ ಹಂತ), 15 ಸೆಂ.ಮೀ. ಇದ್ದರೆ ಆರು ಕಟ್ಟು (1.5 ಕಿಲೋ ಹಂತ) ಹಿಡಿಯುತ್ತವೆ. ಮುಂದಿನ ಇಡೀ ಲೆಕ್ಕವು ಈ ಅಳತೆಗಳ ಮೇಲೆ ನಿಂತಿದೆ.

4. ಮಾದರಿ ಲೆಕ್ಕ: ಕಲ್ಲಡ್ಕದಿಂದ ಬೆಂಗಳೂರಿಗೆ

ರಾಜ್ಯದೊಳಗಿನ ರವಾನೆಗೆ ತೆರಿಗೆ ಸೇರಿ 500 ಗ್ರಾಂಗೆ ₹60, 1 ಕಿಲೋಗೆ ₹95, 1.5 ಕಿಲೋಗೆ ₹130 ಎಂದು ಇಟ್ಟುಕೊಳ್ಳಲಾಗಿದೆ. ರಟ್ಟಿನ ಪೆಟ್ಟಿಗೆ, ಅಂಟುಪಟ್ಟಿ ಮತ್ತು ಒಳತುಂಬಿಗೆ ಪ್ರತಿ ಪಾರ್ಸೆಲಿಗೆ ₹15. ಈ ಎರಡು ವೆಚ್ಚಗಳನ್ನು ಕಳೆದ ಮೇಲೆ ಘಟಕಕ್ಕೆ ಉಳಿಯುವ ಹಣ ಈ ಕೆಳಕಂಡಂತಿದೆ.

| ಕಟ್ಟುಗಳು | ಖರೀದಿ ಮೊತ್ತ | ರವಾನೆ ವೆಚ್ಚ | ಉಚಿತವಾಗಿ ಕಳುಹಿಸಿದರೆ ಉಳಿಯುವುದು | ₹40 ಶುಲ್ಕ ಪಡೆದರೆ ಉಳಿಯುವುದು |
|---|---|---|---|---|
| 1 | ₹120 | ₹60 | ₹27 ನಷ್ಟ | ₹13 |
| 2 | ₹240 | ₹60 | ₹21 | ₹61 |
| 3 | ₹360 | ₹95 | ₹34 | ₹74 |
| 4 | ₹480 | ₹95 | ₹82 | ₹122 |
| 5 | ₹600 | ₹130 | ₹95 | ₹135 |
| 6 | ₹720 | ₹130 | ₹143 | ₹183 |

ಸದರಿ ಘಟಕವು ದೊಡ್ಡ ತಾಣಗಳನ್ನು ನೋಡಿ ‘₹499 ಮೇಲ್ಪಟ್ಟ ಖರೀದಿಗೆ ವಿತರಣೆ ಉಚಿತ, ಅದಕ್ಕಿಂತ ಕಡಿಮೆಯಾದರೆ ₹40’ ಎಂದು ಪ್ರಕಟಿಸಿತ್ತು ಎಂದು ಭಾವಿಸೋಣ. ನಾಲ್ಕು ಕಟ್ಟು ಕೊಳ್ಳುವ ಗ್ರಾಹಕರು ₹40 ಉಳಿಸಲು ಐದನೆಯ ಕಟ್ಟನ್ನು ಸೇರಿಸುತ್ತಾರೆ. ಮಾರಾಟ ₹480ರಿಂದ ₹600ಕ್ಕೆ ಏರುತ್ತದೆ. ಆದರೆ ಉಳಿಯುವ ಹಣ ₹122ರಿಂದ ₹95ಕ್ಕೆ ಇಳಿಯುತ್ತದೆ. ಅಂದರೆ ಒಂದು ಕಟ್ಟು ಹಪ್ಪಳವನ್ನು ಹೆಚ್ಚಾಗಿ ತಯಾರಿಸಿ ಕಳುಹಿಸಿ, ಘಟಕವು ₹27 ಕಳೆದುಕೊಳ್ಳುತ್ತದೆ.

ಕಾರಣ ಸ್ಪಷ್ಟವಾಗಿದೆ. ಐದನೆಯ ಕಟ್ಟಿನಿಂದ ಬಂದದ್ದು ₹48. ಹೋದದ್ದು ಎರಡು ಬಗೆಯಲ್ಲಿ: ಬಿಟ್ಟುಕೊಟ್ಟ ಶುಲ್ಕ ₹40, ಮತ್ತು ಐದನೆಯ ಕಟ್ಟು ಹೊಸ ಪೆಟ್ಟಿಗೆಯನ್ನು ಬೇಡಿದ್ದರಿಂದ ಏರಿದ ರವಾನೆ ವೆಚ್ಚ ₹35. ಒಟ್ಟು ₹75. ಮಾರಾಟದ ಮೊತ್ತವನ್ನು ಮಾತ್ರ ನೋಡುವವರಿಗೆ ಈ ನಷ್ಟ ಕಾಣುವುದಿಲ್ಲ. ಬೇಡಿಕೆ ಪುಸ್ತಕದಲ್ಲಿ ಮಿತಿಯನ್ನು ಈಗಷ್ಟೇ ದಾಟಿದ ಖರೀದಿಗಳು ಗುಂಪಾಗಿ ಕಂಡುಬಂದು, ಅದೇ ತಿಂಗಳಲ್ಲಿ ಕೊರಿಯರ್ ಬಿಲ್ಲು ಮಾರಾಟಕ್ಕಿಂತ ವೇಗವಾಗಿ ಏರಿದ್ದರೆ, ಇದೇ ದೋಷವೆಂದು ತಿಳಿಯಬಹುದಾಗಿದೆ.

5. ಮಿತಿಯನ್ನು ನಿಗದಿಪಡಿಸುವ ನಿಯಮ

ಮೇಲ್ಕಂಡ ಲೆಕ್ಕದಿಂದ ಎರಡು ನಿಯಮಗಳು ದೊರೆಯುತ್ತವೆ.

(ಅ) ವಿತರಣಾ ಶುಲ್ಕವು ಒಂದು ಕಟ್ಟಿನ ಉಳಿಕೆಗಿಂತ ಕಡಿಮೆ ಇರತಕ್ಕದ್ದು. ಮಾದರಿ ಘಟಕದಲ್ಲಿ ಉಳಿಕೆ ₹48, ಶುಲ್ಕ ₹40. ಶುಲ್ಕ ₹60 ಇದ್ದಿದ್ದರೆ, ಅದನ್ನು ತಪ್ಪಿಸಲು ಒಂದು ಕಟ್ಟು ಹೆಚ್ಚು ಕೊಳ್ಳುವ ಪ್ರತಿ ಗ್ರಾಹಕರಿಂದಲೂ ಘಟಕಕ್ಕೆ ₹12 ನಷ್ಟವಾಗುತ್ತಿತ್ತು.

(ಆ) ಉಚಿತ ವಿತರಣೆಯ ಮಿತಿಯು ಪೆಟ್ಟಿಗೆ ತುಂಬುವ ಮಟ್ಟದಲ್ಲಿರತಕ್ಕದ್ದು, ಹೊಸ ಪೆಟ್ಟಿಗೆ ಆರಂಭವಾಗುವ ಮಟ್ಟದಲ್ಲಿ ಇರಬಾರದು. ನಾಲ್ಕು ಕಟ್ಟುಗಳಿಗೆ ಒಂದು ಪೆಟ್ಟಿಗೆ ತುಂಬುತ್ತದೆ, ಆರು ಕಟ್ಟುಗಳಿಗೆ ಅದರ ಮುಂದಿನದು. ಐದು ಕಟ್ಟು ಎಂಬುದು ಅರೆ ಖಾಲಿ ಪೆಟ್ಟಿಗೆ. ಅದರಲ್ಲಿನ ಖಾಲಿ ಜಾಗಕ್ಕೂ ಮಾರಾಟಗಾರರೇ ಹಣ ತೆರುತ್ತಾರೆ.

ಈ ನಿಯಮಗಳಂತೆ ಮಿತಿಯನ್ನು ಆರು ಕಟ್ಟುಗಳಿಗೆ, ಅಂದರೆ ಪ್ರಕಟಣೆಯಲ್ಲಿ ₹700ಕ್ಕೆ ಇಟ್ಟರೆ ಆರು ಕಟ್ಟಿನ ಉಚಿತ ಪಾರ್ಸೆಲಿನಲ್ಲಿ ₹143 ಉಳಿಯುತ್ತದೆ. ಐದು ಕಟ್ಟಿನಿಂದ ಆರಕ್ಕೆ ಏರಿದ ಗ್ರಾಹಕರಿಂದ ಘಟಕಕ್ಕೆ ₹8 ಹೆಚ್ಚು, ನಾಲ್ಕರಿಂದ ಆರಕ್ಕೆ ಏರಿದವರಿಂದ ₹21 ಹೆಚ್ಚು, ಮೂರರಿಂದ ಆರಕ್ಕೆ ಏರಿದವರಿಂದ ₹69 ಹೆಚ್ಚು ಬರುತ್ತದೆ. ಯಾರು ಎಲ್ಲಿಂದ ಏರಿದರೂ ನಷ್ಟವಿಲ್ಲ.

ಮಿತಿಯನ್ನು ನಾಲ್ಕು ಕಟ್ಟುಗಳಿಗೆ, ಅಂದರೆ ₹480ಕ್ಕೆ ಇಡಬಹುದಲ್ಲವೇ ಎಂಬ ಪ್ರಶ್ನೆ ಏಳಬಹುದು. ಅದೂ ಪೆಟ್ಟಿಗೆ ತುಂಬುವ ಮಟ್ಟವೇ ಹೌದು. ಮೂರು ಕಟ್ಟಿನ ಗ್ರಾಹಕರು ನಾಲ್ಕಕ್ಕೆ ಏರಿದರೆ ಉಳಿಕೆ ₹74ರಿಂದ ₹82ಕ್ಕೆ ಏರುವುದೂ ನಿಜ. ಆದರೆ ಈಗಾಗಲೇ ನಾಲ್ಕು ಅಥವಾ ಹೆಚ್ಚು ಕಟ್ಟು ಕೊಳ್ಳುತ್ತಿರುವ ಎಲ್ಲರಿಗೂ ₹40 ಬಿಟ್ಟುಕೊಡಬೇಕಾಗುತ್ತದೆ. ಆದಕಾರಣ ಮೂರನೆಯ ಪರಿಶೀಲನೆಯೊಂದು ಅಗತ್ಯವಾಗಿದೆ.

6. ಬೇಡಿಕೆ ಪುಸ್ತಕದ ಪರಿಶೀಲನೆ

ಮಿತಿಯನ್ನು ಪ್ರಕಟಿಸುವ ಮೊದಲು ಒಂದೆರಡು ತಿಂಗಳು ಎಲ್ಲ ಖರೀದಿಗೂ ₹40 ಶುಲ್ಕವನ್ನೇ ಪಡೆದು, ಯಾವ ಆಮಿಷವೂ ಇಲ್ಲದೆ ಗ್ರಾಹಕರು ಎಷ್ಟು ಕೊಳ್ಳುತ್ತಾರೆಂದು ಬರೆದಿಡತಕ್ಕದ್ದು. ಸರಾಸರಿಯೊಂದನ್ನೇ ನಂಬಬಾರದು. ಮದುವೆ ಅಥವಾ ಉಪನಯನಕ್ಕಾಗಿ ಬಂದ ಒಂದೆರಡು ದೊಡ್ಡ ಬೇಡಿಕೆಗಳು ಸರಾಸರಿಯನ್ನು ಮೇಲಕ್ಕೆ ಎಳೆಯುತ್ತವೆ. ಎಷ್ಟು ಕಟ್ಟಿನ ಬೇಡಿಕೆ ಎಷ್ಟು ಬಂತು ಎಂಬ ಎಣಿಕೆ ಬೇಕು.

ಮಾದರಿ ಘಟಕದಲ್ಲಿ 100 ಬೇಡಿಕೆಗಳ ಪೈಕಿ ಒಂದು ಕಟ್ಟಿನವು 10, ಎರಡರವು 20, ಮೂರರವು 30, ನಾಲ್ಕರವು 20, ಐದರವು 8, ಆರು ಮತ್ತು ಹೆಚ್ಚಿನವು 12 ಇವೆ ಎಂದು ಭಾವಿಸೋಣ.

ಮಿತಿಯನ್ನು ₹480ಕ್ಕೆ ಇಟ್ಟರೆ ನಾಲ್ಕು ಮತ್ತು ಹೆಚ್ಚಿನ ಕಟ್ಟಿನ 40 ಬೇಡಿಕೆಗಳಲ್ಲಿ ತಲಾ ₹40ರಂತೆ ₹1,600 ಕೈಬಿಡುತ್ತದೆ. ಮೂರು ಕಟ್ಟಿನ 30 ಮಂದಿಯೂ ಒಂದು ಕಟ್ಟು ಹೆಚ್ಚು ಕೊಂಡರೂ ಮರಳಿ ಬರುವುದು ತಲಾ ₹8ರಂತೆ ₹240 ಮಾತ್ರ. ಎರಡು ಕಟ್ಟಿನ 20 ಮಂದಿಯೂ ನಾಲ್ಕಕ್ಕೆ ಏರಿದರೆ ತಲಾ ₹21ರಂತೆ ಇನ್ನೂ ₹420 ಸೇರುತ್ತದೆ. ಎಲ್ಲರೂ ಏರಿದರೂ ನಷ್ಟ ತುಂಬುವುದಿಲ್ಲ.

ಮಿತಿಯನ್ನು ₹700ಕ್ಕೆ ಇಟ್ಟರೆ ಕೈಬಿಡುವುದು 12 ಬೇಡಿಕೆಗಳ ₹480 ಮಾತ್ರ. ಐದು ಕಟ್ಟಿನ ಐವರು, ನಾಲ್ಕು ಕಟ್ಟಿನ ಹತ್ತು ಮಂದಿ ಮತ್ತು ಮೂರು ಕಟ್ಟಿನ ಐವರು ಆರಕ್ಕೆ ಏರಿದರೆ ಕ್ರಮವಾಗಿ ₹40, ₹210 ಮತ್ತು ₹345, ಒಟ್ಟು ₹595 ಬರುತ್ತದೆ. ನಿವ್ವಳ ಗಳಿಕೆ ₹115. ನಾಲ್ಕು ಕಟ್ಟಿನವರಲ್ಲಿ ಹತ್ತರ ಬದಲು ಐವರೇ ಏರಿದರೆ ಗಳಿಕೆ ₹10ಕ್ಕೆ ಇಳಿಯುತ್ತದೆ.

ಈ ಗಳಿಕೆ ದೊಡ್ಡದಲ್ಲವೆಂಬುದನ್ನು ಮಾರಾಟಗಾರರು ಮನಗಾಣತಕ್ಕದ್ದು. ಉಚಿತ ವಿತರಣೆಯ ಪ್ರಕಟಣೆಯು ಹಣವನ್ನು ಹುಟ್ಟಿಸುವುದಿಲ್ಲ. ಸರಿಯಾದ ಮಟ್ಟದಲ್ಲಿಟ್ಟರೆ ತನ್ನ ವೆಚ್ಚವನ್ನು ತಾನೇ ಭರಿಸುತ್ತದೆ, ತಪ್ಪು ಮಟ್ಟದಲ್ಲಿಟ್ಟರೆ ಪ್ರತಿ ತಿಂಗಳೂ ಸದ್ದಿಲ್ಲದೆ ಕಳೆಯುತ್ತದೆ. ಪ್ರಕಟಣೆಯ ನಂತರ ಎರಡು ತಿಂಗಳಲ್ಲಿ ಆರು ಕಟ್ಟಿನ ಬೇಡಿಕೆಗಳ ಪಾಲು ಹೆಚ್ಚದೇ ಹೋದಲ್ಲಿ, ಮಿತಿಯನ್ನು ತೆಗೆದು ಶುಲ್ಕವನ್ನಷ್ಟೇ ಉಳಿಸಿಕೊಳ್ಳುವುದು ಲೇಸು.

ದೊಡ್ಡ ಸಂಸ್ಥೆಗಳೂ ಪರೀಕ್ಷೆಯಿಂದಲೇ ತಮ್ಮ ಮಟ್ಟವನ್ನು ಕಂಡುಕೊಂಡಿವೆ. ಅಮೆರಿಕದ ಅಮೆಜಾನ್ ಸಂಸ್ಥೆಯು 2002ರ ಜನವರಿಯಲ್ಲಿ 99 ಡಾಲರ್ ಮೇಲ್ಪಟ್ಟ ಖರೀದಿಗೆ ಉಚಿತ ರವಾನೆಯನ್ನು ಆರಂಭಿಸಿ, ಅದೇ ವರ್ಷದಲ್ಲಿ ಮಿತಿಯನ್ನು 49 ಡಾಲರಿಗೂ ನಂತರ 25 ಡಾಲರಿಗೂ ಇಳಿಸಿತು. ಆ ಮಟ್ಟವು ಆ ಸಂಸ್ಥೆಯ ರವಾನೆ ದರಕ್ಕೆ ಸಂಬಂಧಿಸಿದ್ದು. ಕಲ್ಲಡ್ಕದಿಂದ ದಿನಕ್ಕೆ ನಾಲ್ಕಾರು ಪಾರ್ಸೆಲ್ ಕಳುಹಿಸುವವರಿಗೆ ಆ ದರ ದೊರೆಯುವುದಿಲ್ಲವಾದ್ದರಿಂದ ಆ ಮಿತಿಯೂ ಹೊಂದುವುದಿಲ್ಲ.

7. ಹೊರ ರಾಜ್ಯಗಳಿಗೆ ರವಾನೆ

ಕರಾವಳಿಯ ಪದಾರ್ಥಗಳಿಗೆ ಮುಂಬಯಿಯಲ್ಲಿ ಬಹುಕಾಲದಿಂದಲೂ ಗ್ರಾಹಕರಿದ್ದಾರೆ. ಆದರೆ ದೂರ ಹೆಚ್ಚಿದಂತೆ ದರ ಏರುತ್ತದೆ. ಮುಂಬಯಿಗೆ 1 ಕಿಲೋಗೆ ₹130, 1.5 ಕಿಲೋಗೆ ₹180 ಆಗುವುದಾದರೆ, ಆರು ಕಟ್ಟಿನ ಉಚಿತ ಪಾರ್ಸೆಲಿನಲ್ಲಿ ಉಳಿಯುವುದು ₹93 ಮಾತ್ರ. ಮುಂಬಯಿಗೆ ₹80 ಶುಲ್ಕ ಪಡೆದು ನಾಲ್ಕು ಕಟ್ಟು ಕಳುಹಿಸಿದರೆ ₹127 ಉಳಿಯುತ್ತದೆ. ಆದುದರಿಂದ ಅಲ್ಲಿಗೆ ಪೂರ್ಣ ಉಚಿತ ವಿತರಣೆ ಹೊಂದುವುದಿಲ್ಲ.

ಇದಕ್ಕೆ ಸರಳ ಪರಿಹಾರವಿದೆ. ‘₹700 ಮೇಲ್ಪಟ್ಟ ಖರೀದಿಗೆ ವಿತರಣಾ ಶುಲ್ಕದಲ್ಲಿ ₹40 ಕಡಿತ’ ಎಂದು ಎಲ್ಲ ಕಡೆಗೂ ಒಂದೇ ನಿಯಮವನ್ನು ಪ್ರಕಟಿಸುವುದು. ರಾಜ್ಯದೊಳಗೆ ಶುಲ್ಕ ₹40 ಇರುವುದರಿಂದ ಅಲ್ಲಿ ವಿತರಣೆ ಉಚಿತವಾಗುತ್ತದೆ. ಹೊರ ರಾಜ್ಯಗಳಲ್ಲಿ ಶುಲ್ಕ ₹80ರಿಂದ ₹40ಕ್ಕೆ ಇಳಿಯುತ್ತದೆ. ಆಗ ಮುಂಬಯಿಯ ಆರು ಕಟ್ಟಿನ ಪಾರ್ಸೆಲಿನಲ್ಲಿ ₹133 ಉಳಿದು, ನಾಲ್ಕು ಕಟ್ಟಿನ ₹127 ಹಾಗೂ ಐದು ಕಟ್ಟಿನ ₹125ಕ್ಕಿಂತ ಹೆಚ್ಚಾಗಿಯೇ ಇರುತ್ತದೆ.

ಕಲ್ಲಡ್ಕ, ಬಿ.ಸಿ. ರೋಡ್, ವಿಟ್ಲ ಮುಂತಾದ ಸಮೀಪದ ಸ್ಥಳಗಳವರಿಗೆ ಘಟಕದಿಂದಲೇ ಪಡೆಯುವ ಅವಕಾಶವನ್ನು ಶುಲ್ಕವಿಲ್ಲದೆ ನೀಡಬಹುದಾಗಿದೆ. ಇದರಿಂದ ರವಾನೆ ಮತ್ತು ಪೆಟ್ಟಿಗೆ ಎರಡರ ವೆಚ್ಚವೂ ಉಳಿಯುತ್ತದೆ.

8. ಲೆಕ್ಕ ತಪ್ಪುವ ಸಂದರ್ಭಗಳು

*ಕಡಿಮೆ ಉಳಿಕೆಯ ಪದಾರ್ಥ.* ಗೇರುಬೀಜವನ್ನು ಹೊರಗಿನಿಂದ ತಂದು ಮಾರುವಾಗ ಉಳಿಕೆ ಶೇ. 15 ಎಂದಿಟ್ಟುಕೊಂಡರೆ, ₹720ರ ಗೇರುಬೀಜದಲ್ಲಿ ಉಳಿಯುವುದು ₹108. ಬೆಂಗಳೂರಿಗೆ 1 ಕಿಲೋ ಹಂತದ ರವಾನೆ ₹95 ಮತ್ತು ಪೆಟ್ಟಿಗೆ ₹15 ಕಳೆದರೆ ₹2 ನಷ್ಟ. ಇಂತಹ ಪದಾರ್ಥಗಳ ಮೊತ್ತವನ್ನು ಮಿತಿಯ ಲೆಕ್ಕಕ್ಕೆ ಸೇರಿಸಲಾಗುವುದಿಲ್ಲವೆಂದು ಮೊದಲೇ ಪ್ರಕಟಿಸತಕ್ಕದ್ದು.

*ಹಿಂದಿರುಗಿದ ಪಾರ್ಸೆಲ್.* ತಲುಪಿದಾಗ ಹಣ ಕೊಡುವ ಪದ್ಧತಿಯಲ್ಲಿ ಗ್ರಾಹಕರು ಪಾರ್ಸೆಲನ್ನು ಪಡೆಯದೇ ಇರಬಹುದು. ಆರು ಕಟ್ಟಿನ ಪಾರ್ಸೆಲ್ ಹಿಂದಿರುಗಿದರೆ, ಹೋಗುವ ಮತ್ತು ಬರುವ ರವಾನೆಗೆ ತಲಾ ₹130 ಹಾಗೂ ಪೆಟ್ಟಿಗೆಗೆ ₹15 ಸೇರಿ ₹275 ನಷ್ಟ. ಹೀಗೆ ಹಿಂದಿರುಗಿದ ಒಂದು ಪಾರ್ಸೆಲು ಸುಮಾರು ಎರಡು ಉಚಿತ ಪಾರ್ಸೆಲುಗಳ ಉಳಿಕೆಯನ್ನು ನುಂಗುತ್ತದೆ. ಹಪ್ಪಳ ಮುರಿದಿದ್ದರೆ ಸರಕಿನ ನಷ್ಟ ಬೇರೆ. ಆದಕಾರಣ ಉಚಿತ ವಿತರಣೆಯನ್ನು ಮುಂಗಡ ಪಾವತಿ ಮಾಡಿದವರಿಗೆ ಮಾತ್ರ ನೀಡುವುದು ಸೂಕ್ತ.

*ದರ ಬದಲಾವಣೆ.* ರವಾನೆ ದರಗಳು ಬದಲಾಗುತ್ತಿರುತ್ತವೆ. ದೇಶದೊಳಗಿನ ನೋಂದಾಯಿತ ಅಂಚೆ ಸೇವೆಯನ್ನು ಅಂಚೆ ಇಲಾಖೆಯು 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟ್‌ನೊಂದಿಗೆ ವಿಲೀನಗೊಳಿಸಿದೆ. ಅದರ ನಂತರ ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟ್ ದರಗಳು ಪರಿಷ್ಕೃತವಾಗಿವೆ. ಹಳೆಯ ದರಪಟ್ಟಿಯ ಆಧಾರದಲ್ಲಿ ನಿಗದಿಪಡಿಸಿದ ಮಿತಿಯನ್ನು ಮರುಪರಿಶೀಲಿಸತಕ್ಕದ್ದು. ಪರಿಶೀಲಿಸುವಾಗ ಒಟ್ಟು ದರಕ್ಕಿಂತ ಎರಡು ಹಂತಗಳ ನಡುವಣ ವ್ಯತ್ಯಾಸವನ್ನು ನೋಡಬೇಕು. ಮಾದರಿ ಘಟಕದಲ್ಲಿ ನಾಲ್ಕರಿಂದ ಆರಕ್ಕೆ ಏರಿದಾಗ ಎರಡು ಕಟ್ಟಿನಿಂದ ₹96 ಬರುತ್ತದೆ, ₹40 ಶುಲ್ಕ ಬಿಡುತ್ತದೆ. ಆದುದರಿಂದ 1 ಕಿಲೋ ಮತ್ತು 1.5 ಕಿಲೋ ದರಗಳ ವ್ಯತ್ಯಾಸ ₹56ನ್ನು ದಾಟಿದ ದಿನ ಈ ಮಿತಿಯು ನಷ್ಟಕ್ಕೆ ತಿರುಗುತ್ತದೆ.

*ತೆರಿಗೆ ಸೇರದ ದರ.* ಕೊರಿಯರ್ ಸಂಸ್ಥೆಯ ಪ್ರತಿನಿಧಿಗಳು ಹೇಳುವ ದರದಲ್ಲಿ ಬಹಳಷ್ಟು ಬಾರಿ ಶೇ. 18ರ ಸರಕು ಮತ್ತು ಸೇವಾ ತೆರಿಗೆ (ಜಿಎಸ್‌ಟಿ) ಸೇರಿರುವುದಿಲ್ಲ. ₹60 ಎಂದು ಕೇಳಿದ್ದು ಬಿಲ್ಲಿನಲ್ಲಿ ₹70.80 ಆಗಿರುತ್ತದೆ. ಜಿಎಸ್‌ಟಿ ನೋಂದಣಿ ಇಲ್ಲದ ಘಟಕಕ್ಕೆ ಈ ತೆರಿಗೆ ಮರಳಿ ಸಿಗುವುದಿಲ್ಲವಾದ್ದರಿಂದ ಅದನ್ನು ವೆಚ್ಚವೆಂದೇ ಹಿಡಿಯತಕ್ಕದ್ದು.

*ಮಳೆಗಾಲ.* ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಪ್ಪಳ ತೇವಗೊಳ್ಳದಂತೆ ಹೊರಗೆ ಇನ್ನೊಂದು ಪ್ಲಾಸ್ಟಿಕ್ ಹೊದಿಕೆ ಬೇಕಾಗುತ್ತದೆ. ಇದರ ವೆಚ್ಚವನ್ನು ಪೆಟ್ಟಿಗೆಯ ₹15ಕ್ಕೆ ಸೇರಿಸಿ ಲೆಕ್ಕ ಮಾಡಬೇಕು.

9. ಪಾಲಿಸಬೇಕಾದ ಕಾನೂನು ಅಂಶಗಳು

ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳು, 2020ರ ಪ್ರಕಾರ ಒಟ್ಟು ಬೆಲೆಯನ್ನು ಒಂದೇ ಮೊತ್ತವಾಗಿಯೂ, ಅದರಲ್ಲಿ ಸೇರಿದ ವಿತರಣಾ ಶುಲ್ಕ, ಅಂಚೆ ಮತ್ತು ನಿರ್ವಹಣಾ ವೆಚ್ಚ ಹಾಗೂ ತೆರಿಗೆಯನ್ನು ಬಿಡಿಬಿಡಿಯಾಗಿಯೂ ತೋರಿಸಬೇಕಾಗಿದೆ. ಹಣ ಪಾವತಿಸುವ ಕೊನೆಯ ಹಂತದಲ್ಲಿ ಮಾತ್ರ ಶುಲ್ಕವನ್ನು ಹೊರಗೆಡಹುವುದು, ಗ್ರಾಹಕರು ಆರಿಸದ ಪದಾರ್ಥವನ್ನು ಅವರ ಪಟ್ಟಿಗೆ ಸೇರಿಸಿ ಮಿತಿ ತಲುಪಿಸುವುದು ಮುಂತಾದ ರೀತಿಗಳನ್ನು 2023ರ ನವೆಂಬರ್ 30ರ ಕೇಂದ್ರ ಮಾರ್ಗಸೂಚಿಗಳು ನಿಷೇಧಿಸಿವೆ.

ವಿತರಣಾ ವೆಚ್ಚವನ್ನು ಪದಾರ್ಥದ ಬೆಲೆಯಲ್ಲಿಯೇ ಸೇರಿಸಿ ‘ಉಚಿತ’ವೆಂದು ಮಾರಲು ಬಯಸುವವರು, ಕಟ್ಟಿನ ಮೇಲೆ ಮುದ್ರಿತವಾದ ಗರಿಷ್ಠ ಚಿಲ್ಲರೆ ಬೆಲೆಯನ್ನು ಮೀರಿ ಪದಾರ್ಥದ ಬೆಲೆ ಪಡೆಯುವಂತಿಲ್ಲ. ಇದಲ್ಲದೆ ಹಾಗೆ ಬೆಲೆ ಏರಿಸಿದಾಗ ಆರು ಕಟ್ಟು ಕೊಳ್ಳುವವರು ಆರು ಪಟ್ಟು ರವಾನೆ ಪಾಲನ್ನು ತೆತ್ತಂತಾಗಿ, ದೊಡ್ಡ ಖರೀದಿದಾರರೇ ದೂರವಾಗುತ್ತಾರೆ.

ಹಪ್ಪಳಕ್ಕೆ ಸರಕು ಮತ್ತು ಸೇವಾ ತೆರಿಗೆಯಿಲ್ಲ. ಆದರೆ ತೆರಿಗೆ ಇರುವ ಪದಾರ್ಥವನ್ನು ನೋಂದಾಯಿತ ಮಾರಾಟಗಾರರು ಕಳುಹಿಸಿದಾಗ, ಪದಾರ್ಥದೊಂದಿಗೆ ಪಡೆದ ವಿತರಣಾ ಶುಲ್ಕವೂ ಅದರ ಮೌಲ್ಯದಲ್ಲಿ ಸೇರಿ ಅದೇ ದರದ ತೆರಿಗೆಗೆ ಒಳಪಡುತ್ತದೆ. ಶೇ. 5ರ ಪದಾರ್ಥದೊಂದಿಗೆ ತೆರಿಗೆ ಸೇರಿ ₹40 ಪಡೆದರೆ ಘಟಕಕ್ಕೆ ಉಳಿಯುವುದು ₹38.10. ತೆರಿಗೆ ಇರುವ ಸರಕನ್ನು ಹೊರ ರಾಜ್ಯಕ್ಕೆ ಮಾರುವವರು ವಹಿವಾಟು ಎಷ್ಟೇ ಕಡಿಮೆಯಿದ್ದರೂ ಸಾಮಾನ್ಯವಾಗಿ ನೋಂದಣಿ ಪಡೆಯಬೇಕಾಗುತ್ತದೆ. ವಿಟ್ಲದ ದಾರಿಯಾಗಿ ಹತ್ತಿರವೇ ಇರುವ ಕಾಸರಗೋಡು ಜಿಲ್ಲೆಯೂ ಕೇರಳಕ್ಕೆ ಸೇರಿದ್ದರಿಂದ ಅಲ್ಲಿಗಿನ ಮಾರಾಟವು ಅಂತರರಾಜ್ಯ ಮಾರಾಟವೆಂದೇ ಪರಿಗಣಿತವಾಗುತ್ತದೆ.

10. ಪ್ರಕಟಣೆಯ ಮಾದರಿ

ಮಾರಾಟಗಾರರು ತಮ್ಮ ಪುಟದಲ್ಲಿ ಈ ಕೆಳಕಂಡಂತೆ ಪ್ರಕಟಿಸಬಹುದಾಗಿದೆ.

“ವಿತರಣಾ ಶುಲ್ಕ: ಕರ್ನಾಟಕದೊಳಗೆ ₹40, ಹೊರ ರಾಜ್ಯಗಳಿಗೆ ₹80. ₹700 ಮತ್ತು ಮೇಲ್ಪಟ್ಟ ಮುಂಗಡ ಪಾವತಿಯ ಖರೀದಿಗೆ ಶುಲ್ಕದಲ್ಲಿ ₹40 ಕಡಿತ (ಕರ್ನಾಟಕದೊಳಗೆ ವಿತರಣೆ ಉಚಿತ). ಗೇರುಬೀಜದ ಮೊತ್ತವನ್ನು ಈ ಲೆಕ್ಕಕ್ಕೆ ಸೇರಿಸಲಾಗುವುದಿಲ್ಲ. ಕಲ್ಲಡ್ಕದ ನಮ್ಮ ಘಟಕದಿಂದ ನೇರವಾಗಿ ಪಡೆಯುವವರಿಗೆ ಶುಲ್ಕವಿಲ್ಲ.”

11. ಹೆಚ್ಚಿನ ಮಾಹಿತಿಗಾಗಿ

ಸಣ್ಣ ಘಟಕಗಳ ನೋಂದಣಿ ಮತ್ತು ಯೋಜನೆಗಳ ಬಗ್ಗೆ ಮಂಗಳೂರಿನ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು, ತೆರಿಗೆ ನೋಂದಣಿಯ ಬಗ್ಗೆ ವಾಣಿಜ್ಯ ತೆರಿಗೆಗಳ ಇಲಾಖೆಯ ಕಚೇರಿಯನ್ನು, ಕಟ್ಟಿನ ಮೇಲಿನ ಬೆಲೆ ಮತ್ತು ತೂಕದ ಮುದ್ರಣದ ಬಗ್ಗೆ ಕಾನೂನು ಮಾಪನಶಾಸ್ತ್ರ ಇಲಾಖೆಯನ್ನು ಸಂಪರ್ಕಿಸಬಹುದು. ಅಂಚೆ ಮೂಲಕ ಕಳುಹಿಸುವವರು ಪ್ರಚಲಿತ ದರವನ್ನು ಸಮೀಪದ ಅಂಚೆ ಕಚೇರಿಯಲ್ಲಿ ವಿಚಾರಿಸಬಹುದು. ಹೋಗುವಾಗ ತುಂಬಿದ ಪೆಟ್ಟಿಗೆಯ ಹೊರ ಅಳತೆ, ತೂಕ ಮತ್ತು ತಲುಪಬೇಕಾದ ಸ್ಥಳಗಳ ಪಿನ್ ಕೋಡ್‌ಗಳನ್ನು ಬರೆದುಕೊಂಡು ಹೋಗತಕ್ಕದ್ದು. ವಿತರಣಾ ಶುಲ್ಕದ ಬಗ್ಗೆ ದೂರುಗಳಿರುವ ಗ್ರಾಹಕರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದಾಗಿದೆ.